ಜೂನ್ ತಿಂಗಳ ಕೊನೆಯ ಹಾಳೆ

ಕೈ ಬಿಗಿ, ಬಾಯಿ ಜೋರು, ಲೆಕ್ಕ ಮಾತ್ರ ಚೊಕ್ಕ ಎಂದು ಮುದಕಪ್ಪನಿಗೆ ಇಡೀ ಪೀಣ್ಯದಲ್ಲಿ ಹೆಸರಿತ್ತು. ಇಡೀ ಪೀಣ್ಯ ಎಂದರೆ ಅವನ ಶೆಡ್ ಇರುವ ಅಡ್ಡರಸ್ತೆ ಮತ್ತು ಅದರ ಮೂಲೆಯ ದೇವರಾಜನ ಟೀ ಅಂಗಡಿ, ಅಷ್ಟೇ. ಆದರೆ ಮುದಕಪ್ಪನಿಗೆ ಅಷ್ಟು ಜಾಗ ಸಾಕಾಗಿತ್ತು. ಹುನಗುಂದದ ಕಡೆಯ ಹಳ್ಳಿಯಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ಬಂದು, ಯಾರದೋ ಶೆಡ್ಡಿನಲ್ಲಿ ಕಬ್ಬಿಣದ ಸಿಪ್ಪೆ ಗುಡಿಸಿ, ರಾತ್ರಿ ಅದೇ ನೆಲದ ಮೇಲೆ ಮಲಗಿ, ಕೊನೆಗೆ ಒಂದು ಹಳೆಯ ಲೇತ್ ಕೊಂಡವನು ಅವನು. ಈಗ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನು, ಐದು ಜನ ಕೆಲಸಗಾರರು. ಪಂಪು ಮಾಡುವ ಕಂಪನಿಗಳಿಗೆ ಬುಷ್, ಅಂದರೆ ತಿರುಗುವ ದಂಡಕ್ಕೆ ಹಾಕುವ ಲೋಹದ ಬಳೆ, ಕಡೆದು ಕೊಡುವುದು ಕೆಲಸ. ಹೊರಗೆ ನೀಲಿ ಬೋರ್ಡು: ಶ್ರೀ ಸಂಗಮನಾಥ ಇಂಜಿನಿಯರಿಂಗ್ ವರ್ಕ್ಸ್. 'ನಾ ಮೂವತ್ತು ವರ್ಷದಾಗ ಒಬ್ಬರ ಒಂದು ರೂಪಾಯಿ ಇಟ್ಕೊಂಡಾಂವ ಅಲ್ಲ' ಎಂದು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಇಂಥವನು ನವೆಂಬರಿನ ಒಂದು ಬೆಳಿಗ್ಗೆ ಶೆಡ್ಡಿನ ಮೇಜಿನ ಮುಂದೆ ಕೂತು ಬ್ಯಾಂಕಿಗೆ ಪತ್ರ ಬರೆಯುತ್ತಿದ್ದ. ಮೈಯೆಲ್ಲ ಸಿಟ್ಟು. ಪೆನ್ನು ಹಾಳೆಯನ್ನು ತೂತು ಮಾಡುವಂತೆ ಒತ್ತುತ್ತಿತ್ತು.

ಸಿಟ್ಟಿಗೆ ಕಾರಣ ಮುತ್ತಣ್ಣ. ಮುತ್ತಣ್ಣ ಅವನ ಪಕ್ಕದ ಊರಿನವನು. ಹನ್ನೊಂದು ವರ್ಷದ ಹಿಂದೆ ಮುದಕಪ್ಪನೇ ಬಸ್ಸು ಹತ್ತಿಸಿಕೊಂಡು ಬಂದು, ಬಾಗಲಗುಂಟೆಯಲ್ಲಿ ರೂಮು ಹಿಡಿದುಕೊಟ್ಟು, ಲೇತ್ ಕಲಿಸಿದ್ದ. ಕಲಿಸಿದ್ದೇನೋ ಮುದಕಪ್ಪನೇ, ಆದರೆ ಮೂರೇ ವರ್ಷದಲ್ಲಿ ಮುತ್ತಣ್ಣನ ಕೈ ಗುರುವಿನ ಕೈಯನ್ನು ದಾಟಿತು. ಬುಷ್ಷನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ 'ಕೂದಲೆಳಿ ಜಾಸ್ತಿ ಐತ್ರಿ ಅಣ್ಣಾರ' ಅನ್ನುತ್ತಿದ್ದ. ಆಮೇಲೆ ಅಳತೆ ಹಿಡಿದರೆ ಹೌದು, ಅಷ್ಟೇ ಜಾಸ್ತಿ ಇರುತ್ತಿತ್ತು. ಅಂಥವನು ಕಳೆದ ಜೂನಿನಲ್ಲಿ, ದೊಡ್ಡ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮಷೀನಿನ ಕೆಲಸ ಸಿಕ್ಕಿದೆ ಎಂದು ಬಿಟ್ಟುಹೋದ. ಮುದಕಪ್ಪ ಬಾಯಲ್ಲಿ 'ಹೋಗಪಾ, ಛಲೋ ಆಗಲಿ' ಎಂದ. ಒಳಗೊಳಗೇ ಕುದ್ದುಹೋದ. ಬಾಕಿ ಪಗಾರ, ಬೋನಸ್ಸು, ರಜೆಯ ದುಡ್ಡು ಎಲ್ಲ ಸೇರಿಸಿ ನಲವತ್ತಾರೂವರೆ ಸಾವಿರ ಲೆಕ್ಕ ಹಾಕಿದ. ಜೂನ್ ಇಪ್ಪತ್ತಾರಕ್ಕೆ ಬ್ಯಾಂಕಿಗೆ ಹೋಗಿ ಚೆಕ್ಕು ಬರೆದು, ನೆಫ್ಟ್ ಫಾರಂ ತುಂಬಿ, ಮುತ್ತಣ್ಣನ ಖಾತೆಗೆ ಕಳಿಸಿ, ಕೈ ಝಾಡಿಸಿಕೊಂಡು ಬಂದ.

ಸೆಪ್ಟೆಂಬರಿನಲ್ಲಿ ಆ ದೊಡ್ಡ ಕಂಪನಿಯವರು ಗುತ್ತಿಗೆ ಮುಗಿಯಿತೆಂದು ಮುತ್ತಣ್ಣನನ್ನೂ ಇನ್ನೂ ಮೂವತ್ತು ಜನರನ್ನೂ ಮನೆಗೆ ಕಳಿಸಿದರು. ಆಗ ಮುತ್ತಣ್ಣ ಶೆಡ್ಡಿಗೆ ಬಂದ. ತಲೆ ಕೆರೆದುಕೊಂಡು, 'ಅಣ್ಣಾರ, ನನ್ನ ಲೆಕ್ಕದ ರೊಕ್ಕ ಬರಲೇ ಇಲ್ರಿ. ಕೇಳಾಕ ನಾಚಿಕಿ ಆಗಿ ಇಷ್ಟ ದಿನ ಸುಮ್ನಿದ್ದೆ' ಎಂದ.

ಮುದಕಪ್ಪನಿಗೆ ನೆತ್ತಿಗೇರಿತು. 'ನಾನ ಕೈಯ್ಯಾರೆ ಕಳಸೀನಿ. ಬಂದಿಲ್ಲ ಅಂತೀಯಲ್ಲೋ, ನಾಲಿಗಿಗಿ ಎಲುಬಿಲ್ಲೇನು?'

'ಬ್ಯಾರೆ ಖಾತೇಕ ಹೋಗೇತೇನ್ರಿ? ನಾ ಹೊಸಾ ನಂಬರ ಕೊಟ್ಟಿದ್ನಲ್ರಿ...'

'ಹೊಸಾದಿಲ್ಲ, ಹಳೇದಿಲ್ಲ. ನಡಿ ಹೊರಗ.'

ಮುತ್ತಣ್ಣ ನಡೆದ. ಎರಡನೇ ಸಲ ಬಂದ, ಆಗಲೂ ಇದೇ ಆಯಿತು. ಮೂರನೇ ಸಲ ಬರಲಿಲ್ಲ. ಯಾರೋ ಹೇಳಿಕೊಟ್ಟಂತೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಹಾಕಿದ. ಅಲ್ಲಿಂದ ಶೆಡ್ಡಿಗೆ ನೋಟಿಸು ಬಂತು.

ನೋಟಿಸು ಬಂದ ದಿನ ಮುದಕಪ್ಪ ದೇವರಾಜನ ಅಂಗಡಿಯ ಮುಂದೆ ನಿಂತು ಆಡಿದ ಮಾತನ್ನು ಪೂರ್ತಿ ಬರೆಯುವುದು ಬೇಡ. ಬೆಳಿಗ್ಗೆ ಹತ್ತರ ಟೀ ಹೊತ್ತು, ಅಡ್ಡರಸ್ತೆಯ ಎಲ್ಲ ಶೆಡ್ಡಿನ ಮಾಲೀಕರೂ ಕೆಲಸಗಾರರೂ ಅಲ್ಲಿದ್ದರು. ಮುತ್ತಣ್ಣ ಸುಳ್ಳ, ಮುತ್ತಣ್ಣ ಕಳ್ಳ, ಒಂದೇ ದುಡ್ಡನ್ನು ಎರಡು ಸಲ ನುಂಗಲು ನೋಡುವ ಹಲ್ಕಟ್ಟು. ಇದು ಸೋಸಿ ಬರೆದದ್ದು. ಕೊನೆಗೆ, 'ಅವನ್ನ ಯಾರಾದ್ರೂ ಕೆಲಸಕ್ಕ ತಗೊಂಡ್ರಿ ಅಂದ್ರ ನಾಳೆ ನಿಮಗೂ ಇದ ಗತಿ' ಎಂದ. ಎದುರು ಶೆಡ್ಡಿನ ಪರಮಾನಂದ ಅದಾಗಲೇ ಮುತ್ತಣ್ಣನಿಗೆ ಸೋಮವಾರದಿಂದ ಬಾ ಎಂದಿದ್ದ. ಸೋಮವಾರ ಬಂದವನನ್ನು ಬಾಗಿಲಿಂದಲೇ ವಾಪಸ್ ಕಳಿಸಿದ. ಮುದಕಪ್ಪನ ಲೆಕ್ಕ ಚೊಕ್ಕ ಎಂದು ಹೆಸರಿತ್ತಲ್ಲ, ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಕಾರ್ಮಿಕ ಕಚೇರಿಯಲ್ಲಿ ಮಾತ್ರ ಕೇಳಿದರು. ಮುದಕಪ್ಪ ಎದೆ ಉಬ್ಬಿಸಿಕೊಂಡು ಸ್ಟೇಟ್‌ಮೆಂಟ್ ಒಯ್ದಿದ್ದ. ಏಪ್ರಿಲ್‌ನಿಂದ ಜೂನ್‌ವರೆಗಿನ ಏಳು ಹಾಳೆ. ಏಳನೇ ಹಾಳೆಯ ಮಧ್ಯದಲ್ಲಿ ಜೂನ್ ಇಪ್ಪತ್ತಾರರ ಸಾಲು ಹಾಗೂ ಹೀಗೂ ಕಾಣುತ್ತಿತ್ತು. ಮುತ್ತಣ್ಣನ ಹೆಸರಿನ ಅರ್ಧ, ಮೊತ್ತದ ಮೊದಲೆರಡು ಅಂಕಿ. ಅದರ ಕೆಳಗೆಲ್ಲ ಮಸುಕು, ಅಲ್ಲಲ್ಲಿ ಅರಿಶಿನದ ಕಲೆ. ಅಧಿಕಾರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, 'ಇದೇನ್ ಸ್ವಾಮಿ, ಮಗು ತೊಟ್ಟಿಲಲ್ಲಿ ಇಟ್ಟಿದ್ರಾ? ಓದೋಕೇ ಆಗಲ್ಲ. ಬ್ಯಾಂಕಿಂದ ಕ್ಲಿಯರ್ ಕಾಪಿ, ಸೀಲ್ ಹಾಕಿಸ್ಕೊಂಡು ಬನ್ನಿ. ಮುಂದಿನ ಗುರುವಾರ ಇಬ್ರೂ ಬನ್ನಿ' ಎಂದರು.

ಹಾಳೆಗೆ ಆ ಗತಿ ಬಂದದ್ದಕ್ಕೆ ಒಂದು ಕಥೆಯುಂಟು. ಜುಲೈನಲ್ಲಿ ಬ್ಯಾಂಕಿನವರು ಅದನ್ನು ಅಚ್ಚು ಹಾಕಿ ಕೊಡುವಾಗಲೇ ಪ್ರಿಂಟರಿನ ರಿಬ್ಬನ್ನು ಒಣಗಿತ್ತು, ಅಕ್ಷರ ತೆಳು. ಕೌಂಟರಿನವರು ಕೊನೆಯ ಬ್ಯಾಲೆನ್ಸಿಗೆ ನೀಲಿ ಪೆನ್ನಿನಲ್ಲಿ ಒಂದು ಸುತ್ತು ಹಾಕಿ ಕೊಟ್ಟಿದ್ದರು. ಮುದಕಪ್ಪ ಆ ಸುತ್ತು ನೋಡಿದ, ಹಿಗ್ಗಿದ, ಮಿಕ್ಕಿದ್ದು ಓದಲಿಲ್ಲ. ಆ ವರ್ಷದಲ್ಲೇ ಅಷ್ಟು ಬ್ಯಾಲೆನ್ಸು ಇದ್ದದ್ದಿಲ್ಲ. ಯಾವುದೋ ಕಂಪನಿ ಹಳೇ ಬಾಕಿ ಹಾಕಿರಬೇಕು ಅಂದುಕೊಂಡ. ಆಯುಧಪೂಜೆಗೆ ಮಷೀನುಗಳ ಜೊತೆ ಲೆಕ್ಕದ ಫೈಲನ್ನೂ ಪೂಜೆಗಿಡುವುದು ಪೀಣ್ಯದಲ್ಲಿ ರೂಢಿ. ಎಲ್ಲರೂ ಫೈಲು ಮುಚ್ಚಿ ಇಟ್ಟರೆ ಮುದಕಪ್ಪ ತೆರೆದು ಇಡುತ್ತಿದ್ದ. ಅತಿ ಹೆಚ್ಚು ಬ್ಯಾಲೆನ್ಸು ಇದ್ದ ಹಾಳೆ ಮೇಲೆ ಬರಬೇಕು, ಲಕ್ಷ್ಮಿ ಅದನ್ನು ನೋಡಿ ಇಷ್ಟೇ ಇರಲಿ ಎಂದು ಹರಸಬೇಕು, ಅದು ಅವನ ಲೆಕ್ಕಾಚಾರ. ಆ ವರ್ಷ ಏಳನೇ ಹಾಳೆಗೆ ಆ ಭಾಗ್ಯ ಬಂತು. ಅರಿಶಿನ ಕುಂಕುಮದ ನೀರು ಪ್ರೋಕ್ಷಿಸಿದ್ದಾಯಿತು, ಎರಡು ದಿನ ದೀಪದ ಎಣ್ಣೆಯ ಪಕ್ಕದಲ್ಲೇ ಇತ್ತು, ವಿಭೂತಿ ಒರೆಸಿದಾಗ ಅಕ್ಷರವೂ ಜೊತೆಗೆ ಎದ್ದುಬಂತು. ನೀಲಿ ಪೆನ್ನಿನ ಸುತ್ತು ಮಾತ್ರ ಗಟ್ಟಿಯಾಗಿ ಉಳಿಯಿತು.

ಅದಕ್ಕೇ ಈ ಪತ್ರ. ಮುದಕಪ್ಪ ಊರಲ್ಲಿ ಹತ್ತನೇ ಇಯತ್ತೆವರೆಗೆ ಓದಿದವನು, ಅರ್ಜಿ ಬರೆಯಲು ಯಾರ ಹಂಗೂ ಬೇಕಿರಲಿಲ್ಲ.

'ಮಾನ್ಯ ವ್ಯವಸ್ಥಾಪಕರಿಗೆ,

ವಿಷಯ: ಸ್ಟೇಟ್‌ಮೆಂಟಿನ ಮಸುಕಾದ ಹಾಳೆಯ ಸ್ಪಷ್ಟ ಪ್ರತಿ ಕೋರಿ.

ನಮ್ಮ ಸಂಸ್ಥೆಯ ಚಾಲ್ತಿ ಖಾತೆಯ ಏಪ್ರಿಲ್‌ನಿಂದ ಜೂನ್‌ವರೆಗಿನ ಸ್ಟೇಟ್‌ಮೆಂಟನ್ನು ತಮ್ಮ ಶಾಖೆಯಿಂದ ಜುಲೈ ತಿಂಗಳಲ್ಲಿ ಪಡೆದಿರುತ್ತೇನೆ. ಅದರ ಏಳನೇ ಹಾಳೆಯ ಅಕ್ಷರಗಳು ಮಾಸಿ ಓದಲು ಬರುತ್ತಿಲ್ಲ. ಸದರಿ ಹಾಳೆಯ ನಕಲನ್ನು ಲಗತ್ತಿಸಿದ್ದೇನೆ. ಜೂನ್ ಇಪ್ಪತ್ತರಿಂದ ಮೂವತ್ತರವರೆಗಿನ ವಿವರ ಸ್ಪಷ್ಟವಾಗಿ ಕಾಣುವ ಹೊಸ ಪ್ರತಿಯನ್ನು ಮೊಹರು ಮತ್ತು ಸಹಿಯೊಂದಿಗೆ ಕೊಡಬೇಕಾಗಿ ವಿನಂತಿ. ತಗಲುವ ಶುಲ್ಕವನ್ನು ನಮ್ಮ ಖಾತೆಯಿಂದಲೇ ಕಡಿತ ಮಾಡಿಕೊಳ್ಳುವುದು.'

ಇಲ್ಲಿಗೆ ನಿಲ್ಲಿಸಿ ಸಹಿ ಹಾಕಿದ್ದರೆ ಅದು ಒಳ್ಳೆಯ ಅರ್ಜಿ. ಆದರೆ ಹಾಳೆಯಲ್ಲಿ ಇನ್ನೂ ಜಾಗವಿತ್ತು, ಹೊಟ್ಟೆಯಲ್ಲಿ ಇನ್ನೂ ಸಿಟ್ಟಿತ್ತು.

'ನಮ್ಮಲ್ಲಿ ಹನ್ನೊಂದು ವರ್ಷ ಅನ್ನ ತಿಂದ ಮುತ್ತಣ್ಣ ಎಂಬಾತನು, ನಾನು ಕಳಿಸಿದ ಹಣ ಬಂದೇ ಇಲ್ಲವೆಂದು ಸುಳ್ಳು ಹೇಳಿ ನನ್ನ ಮಾನ ಕಳೆಯುತ್ತಿದ್ದಾನೆ. ಉಂಡ ಮನೆಗೆ ಎರಡು ಬಗೆಯುವ ಇಂಥ ಮೋಸಗಾರನ ಬಣ್ಣ ಬಯಲು ಮಾಡಲು ಸದರಿ ಹಾಳೆ ಅತ್ಯವಶ್ಯವಾಗಿರುತ್ತದೆ.'

ಓದಿಕೊಂಡ. ಬಹಳ ಚೆನ್ನಾಗಿದೆ ಅನ್ನಿಸಿತು. 'ಮೋಸಗಾರನ' ಕೆಳಗೆ ಒಂದು ಗೆರೆ ಎಳೆದ. ಖಾತೆ ನಂಬರು ಹಾಕಿ, ಸಹಿ ಮಾಡಿ, ಸಂಸ್ಥೆಯ ಸೀಲು ಒತ್ತಿ, ಜೆರಾಕ್ಸ್ ಮಾಡಿಸಿಕೊಂಡು ಬ್ಯಾಂಕಿಗೆ ನಡೆದ.

ಬ್ಯಾಂಕಿನಲ್ಲಿ ಯಮುನಾ ಎಂಬ ಆಫೀಸರಿದ್ದರು. ಮೂವತ್ತೈದರ ಆಸುಪಾಸಿನ, ಹೆಚ್ಚು ಮಾತಾಡದ ಹೆಂಗಸು. ಪತ್ರ ಓದಿದರು. ಸಹಿಯನ್ನು ಕಂಪ್ಯೂಟರಿನಲ್ಲಿದ್ದ ಸಹಿಗೆ ಹೋಲಿಸಿದರು. ಕೊನೆಯ ಪ್ಯಾರಾಕ್ಕೆ ಬಂದಾಗ ಹುಬ್ಬು ಸ್ವಲ್ಪ ಮೇಲೆ ಹೋಯಿತು.

'ಸಾರ್, ಕಾಪಿ ಕೊಡ್ತೀವಿ. ಇದೆಲ್ಲಾ ಬರೀಬೇಕು ಅಂತೇನಿಲ್ಲ ನಮಗೆ.'

'ಇರ್ಲಿ ಬಿಡ್ರಿ ಮೇಡಂ. ನಿಮಗೂ ಗೊತ್ತಾಗ್ಲಿ, ಎಂಥಾ ಮಂದಿ ಇರ್ತಾರ ಅಂತ.'

ಯಮುನಾ ಪತ್ರದ ಮೇಲೆ 'ಸ್ವೀಕರಿಸಿದೆ' ಎಂಬ ಸೀಲು ಒತ್ತಿ ತಾರೀಕು ಹಾಕಿದರು, ಜೆರಾಕ್ಸ್ ಪ್ರತಿಗೂ ಒತ್ತಿ ಕೊಟ್ಟರು. 'ನಾಳೆ ಹನ್ನೊಂದು ಗಂಟೆಗೆ ಬನ್ನಿ' ಎಂದರು.

ಮರುದಿನ ಮುದಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಅಲ್ಲಿಂದ ಸೀದಾ ಟೀ ಅಂಗಡಿಗೆ ಹೋಗಿ ನಾಲ್ಕು ಜನಕ್ಕೆ ಹಾಳೆ ತೋರಿಸುವ ಇರಾದೆಯಿತ್ತು. ಯಮುನಾ ಅವರ ಮೇಜಿನ ಮೇಲೆ ಹಾಳೆ ಸಿದ್ಧವಾಗಿತ್ತು. ಅಚ್ಚ ಕಪ್ಪು ಅಕ್ಷರ, ಕೆಳಗೆ ಸೀಲು, ಸಹಿ. ಆದರೆ ಅವರು ತಕ್ಷಣ ಕೊಡಲಿಲ್ಲ.

'ಕೂತ್ಕೊಳ್ಳಿ ಸಾರ್. ಕೊಡೋಕೆ ಮುಂಚೆ ಒಂದ್ಸಲ ನೋಡ್ಬಿಡಿ. ಇಪ್ಪತ್ತಾರನೇ ತಾರೀಕು ಇಲ್ಲಿದೆ ನೋಡಿ, ನೀವು ಕಳ್ಸಿದ್ದು. ನಲವತ್ತಾರು ಸಾವಿರದ ಐನೂರು.'

'ನಾ ಹೇಳ್ಲಿಲ್ಲೇನ್ರಿ ಮೇಡಂ' ಎಂದ ಮುದಕಪ್ಪ. ಧ್ವನಿ ಅಕ್ಕಪಕ್ಕದ ಕೌಂಟರಿಗೂ ಕೇಳುವಂತಿತ್ತು.

'ಅದರ ಕೆಳಗಿನ ಲೈನ್ ಓದಿ.'

ಕೆಳಗಿನ ಸಾಲು ಜೂನ್ ಇಪ್ಪತ್ತೇಳರದು. ಮುದಕಪ್ಪನ ಇಂಗ್ಲಿಷು ಬಿಲ್ಲು ಓದುವಷ್ಟಿತ್ತು. ನೆಫ್ಟ್ ರಿಟರ್ನ್. ಅಕೌಂಟ್ ಕ್ಲೋಸ್ಡ್. ಅದರ ಮುಂದೆ ಜಮೆಯ ಕಾಲಮ್ಮಿನಲ್ಲಿ ಅದೇ ನಲವತ್ತಾರು ಸಾವಿರದ ಐನೂರು.

'ನೀವು ಫಾರಂನಲ್ಲಿ ಬರೆದಿರೋ ಅಕೌಂಟು ಮುಂಚೇನೇ ಕ್ಲೋಸ್ ಆಗಿದೆ. ಅದಕ್ಕೆ ಆ ಬ್ಯಾಂಕಿನವರು ವಾಪಸ್ ಕಳ್ಸಿದ್ದಾರೆ. ದುಡ್ಡು ನಿಮ್ಮ ಅಕೌಂಟಲ್ಲೇ ಇದೆ ಸಾರ್, ಜೂನಿಂದ' ಎಂದರು ಯಮುನಾ. ಧ್ವನಿ ತಗ್ಗಿಸಿಯೇ ಹೇಳಿದರು. 'ಮೆಸೇಜ್ ಬಂದಿರ್ಬೇಕಲ್ಲ? ಯಾವ ನಂಬರ್ ಕೊಟ್ಟಿದ್ರಿ?'

ಕೊಟ್ಟಿದ್ದು ಹೆಂಡತಿ ಮಹಾನಂದಾಳ ಹಳೆಯ ನಂಬರು. ಆ ಸಿಮ್ಮು ಸತ್ತು ಎರಡು ವರ್ಷ. ಬದಲಾಯಿಸಬೇಕು ಬದಲಾಯಿಸಬೇಕು ಎಂದು ಬದಲಾಯಿಸಿರಲಿಲ್ಲ.

ಮುದಕಪ್ಪ ಹಾಳೆಯನ್ನೇ ನೋಡುತ್ತ ಕೂತ. ಕಿವಿ ಬಿಸಿಯಾಯಿತು. ಆಮೇಲೆ ಕತ್ತು ಬಿಸಿಯಾಯಿತು. ಮೇ ತಿಂಗಳ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಮುತ್ತಣ್ಣ ಸೀಮೆಸುಣ್ಣ ಹಿಡಿದು ಶಟರಿನ ಒಳಬದಿಯಲ್ಲಿ ಏನೋ ಬರೆಯುತ್ತಿದ್ದಾನೆ. ಬುಷ್ಷಿನ ಅಳತೆ, ಗಾಡಿಯವರ ಫೋನು, ಎಲ್ಲವನ್ನೂ ಅವರು ಬರೆಯುವುದೇ ಅಲ್ಲಿ. 'ಅಣ್ಣಾರ, ಆ ಖಾತೆ ಮುಚ್ಚಿಸೀನ್ರಿ. ಇನ್ನ ಮ್ಯಾಲ ನನ್ನ ಹೇಣ್ತಿ ನೀಲಾಂಬಿಕಾನ ಖಾತೇಕ ಹಾಕ್ರಿ, ನಂಬರ ಇಲ್ಲಿ ಬರದೀನಿ.' ಮುದಕಪ್ಪ ಕತ್ತೆತ್ತದೆ 'ಹೂಂ' ಅಂದಿದ್ದ. ಜೂನಿನಲ್ಲಿ ಸಿಟ್ಟಿನ ಭರದಲ್ಲಿ ಹಳೆಯ ಡೈರಿ ನೋಡಿ ಫಾರಂ ತುಂಬಿದ್ದ. ಆಯುಧಪೂಜೆಗೆಂದು ಶಟರಿಗೆ ಬಣ್ಣ ಹೊಡೆಸಿದಾಗ ಆ ನಂಬರು ಬಣ್ಣದಡಿ ಹೋಗಿತ್ತು.

ಮತ್ತು ಪೂಜೆ! ಲಕ್ಷ್ಮಿಗೆ ತೋರಿಸಲೆಂದು ತೆರೆದಿಟ್ಟ ಆ ಕೊಬ್ಬಿದ ಬ್ಯಾಲೆನ್ಸಿನಲ್ಲಿ ಮುತ್ತಣ್ಣನ ದುಡ್ಡಿತ್ತು. ಅದಕ್ಕೆ ಅರಿಶಿನ ಹಾಕಿ, ಕರ್ಪೂರ ಬೆಳಗಿ, ಇಷ್ಟೇ ಇರಲಿ ತಾಯಿ ಎಂದು ಕೈ ಮುಗಿದಿದ್ದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬ್ಯಾಂಕಿನ ನೆಲ ಗ್ರಾನೈಟಿನದು, ಬಾಯಿ ಬಿಡಲಿಲ್ಲ.

'ಮೇಡಂ' ಎಂದ. 'ನಿನ್ನಿ ಪತ್ರ ನಂಗ ವಾಪಸ್ ಕೊಡ್ತೀರೇನ್ರಿ?'

'ಅದು ಆಗಲ್ಲ ಸಾರ್. ಇನ್‌ವರ್ಡ್ ರಿಜಿಸ್ಟರಲ್ಲಿ ಎಂಟ್ರಿ ಆಗ್ಬಿಟ್ಟಿದೆ. ಆ ಪತ್ರ ನೋಡೇ ತಾನೆ ಕಾಪಿ ಕೊಟ್ಟಿರೋದು, ಫೈಲಲ್ಲಿ ಇರ್ಲೇಬೇಕು.'

'ಕೊನೀ ಪ್ಯಾರಾ ಒಂದ ಹೊಡದ್ ಹಾಕಾಕ?'

ಯಮುನಾ ತಲೆ ಅಲ್ಲಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕುಡಿಯಲು ನೀರು ಬೇಕಾ ಎಂದು ಕೇಳಿದರು. ಅದು ಇನ್ನೂ ಕಷ್ಟವಾಯಿತು.

ಅವತ್ತು ಮುದಕಪ್ಪ ಟೀ ಅಂಗಡಿಯ ದಾರಿ ಬಿಟ್ಟು ಹಿಂದಿನ ರಸ್ತೆಯಲ್ಲಿ ಬಳಸಿಕೊಂಡು ಶೆಡ್ಡಿಗೆ ಬಂದ. ದೇವರಾಜ ದೂರದಿಂದ ಕಂಡವನು, 'ಏನ್ ಸಾವ್ಕಾರ್ರೇ, ಸಿಕ್ತಾ ಕಾಪಿ?' ಎಂದು ಕೂಗಿದ. ಕೇಳಿಸದವನಂತೆ ನಡೆದ. ಶಟರಿನ ಹೊಸ ಬಣ್ಣವನ್ನು ನೋಡಲಾಗಲಿಲ್ಲ. ಲೇತಿನ ಮುಂದೆ ನಿಂತು ಎರಡು ಬುಷ್ ಕೆಡಿಸಿದ.

ಮಧ್ಯಾಹ್ನ ಊಟಕ್ಕೆ ಬಾಗಲಗುಂಟೆಯ ಮನೆಗೆ ಹೋದಾಗ ಹಾಳೆಯನ್ನು ಮಹಾನಂದಾಳ ಮುಂದಿಟ್ಟು ಎಲ್ಲ ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

'ಹಂಗಾರ ಖರೇ ಹೇಳಿದಾಂವ ಅವನ.'

'ಹೂಂ.'

'ನೀಲಾಂಬಿಕಾ ಹೋದ ವಾರ ಸಂತ್ಯಾಗ ಸಿಕ್ಕಿದ್ಲು. ಮುಖ ಕೊಟ್ಟು ಮಾತಾಡ್ಲಿಲ್ಲ. ಕಳ್ಳನ ಹೇಣ್ತಿ, ಹೆಂಗ ಮಾತಾಡ್ಯಾಳು ಅಂತ ನಾನೂ ಮುಂದ ಬಂದೆ.' ಮಹಾನಂದಾಳ ಕಣ್ಣು ತುಂಬಿತು. 'ನನ್ನ ಕೈಲೂ ಪಾಪ ಮಾಡಿಸಿದ್ರಿ.'

ಮುದಕಪ್ಪನಿಗೆ ಸುಲಭದ ದಾರಿ ಇರಲಿಲ್ಲವೆಂದಲ್ಲ. ಚೆಕ್ಕು ಬರೆದು ಶೆಡ್ಡಿನ ಯಾರ ಕೈಲಾದರೂ ಕಳಿಸಬಹುದಿತ್ತು. ಬ್ಯಾಂಕಿನವರ ತಪ್ಪು ಅನ್ನಬಹುದಿತ್ತು. ಬ್ಯಾಂಕಿನ ಮೇಲೆ ಹಾಕಿದರೆ ಯಾರು ಬೇಡ ಅನ್ನುತ್ತಾರೆ? ಇದನ್ನೆಲ್ಲ ಅವನು ಯೋಚಿಸಿದ, ಸುಳ್ಳೇಕೆ. ಆದರೆ ಯೋಚಿಸಿದಷ್ಟೂ ಆ ಗೆರೆ ಎಳೆದ ಪದ ಎದುರಿಗೆ ಬಂದು ನಿಲ್ಲುತ್ತಿತ್ತು. ಬ್ಯಾಂಕಿನ ಫೈಲಿನಲ್ಲಿ, ಸೀಲು ಸಮೇತ, ಮುತ್ತಣ್ಣ ಮೋಸಗಾರ ಎಂದಿದೆ. ಬರೆದ ಕೈ ತನ್ನದು, ಸಹಿ ತನ್ನದು.

ಊಟದ ತಟ್ಟೆ ಸರಿಸಿ ಅಲ್ಲೇ ಕೂತು ಎರಡನೇ ಪತ್ರ ಬರೆದ. ಮೊದಲನೆಯದಕ್ಕೆ ಹತ್ತು ನಿಮಿಷ ಹಿಡಿದಿತ್ತು, ಇದಕ್ಕೆ ನಾಲ್ಕು ಹಾಳೆ ಹರಿದುಹೋದವು.

'ಮಾನ್ಯ ವ್ಯವಸ್ಥಾಪಕರಿಗೆ,

ನಿನ್ನೆ ದಿನ ನಾನು ಕೊಟ್ಟ ಪತ್ರದಲ್ಲಿ ಮುತ್ತಣ್ಣ ಎಂಬುವರು ಸುಳ್ಳು ಹೇಳುತ್ತಿದ್ದಾರೆಂದೂ ಮೋಸಗಾರರೆಂದೂ ಬರೆದಿರುತ್ತೇನೆ. ತಾವು ಕೊಟ್ಟ ಸ್ಪಷ್ಟ ಪ್ರತಿಯನ್ನು ಓದಿದ ಮೇಲೆ ತಿಳಿದದ್ದೇನೆಂದರೆ, ಅವರು ಹೇಳಿದ್ದು ನಿಜ. ಹಣ ಅವರಿಗೆ ತಲುಪಿಲ್ಲ, ನನ್ನ ಖಾತೆಗೇ ವಾಪಸ್ ಬಂದಿದೆ. ಅವರು ಹೊಸ ಖಾತೆಯ ನಂಬರು ಕೊಟ್ಟಿದ್ದರೂ ನಾನು ಹಳೆಯದನ್ನು ಬರೆದೆ. ತಪ್ಪು ನನ್ನದು. ಈ ಪತ್ರವನ್ನು ಆ ಪತ್ರದ ಜೊತೆಗೇ ಇಡಬೇಕಾಗಿ ಪ್ರಾರ್ಥನೆ.'

ಬ್ಯಾಂಕು ಮುಚ್ಚುವ ಮೊದಲು ಓಡಿಹೋಗಿ ಕೊಟ್ಟ. ಯಮುನಾ ಓದಿದರು. ಬ್ಯಾಂಕಿಗೆ ಇದರಿಂದ ಆಗಬೇಕಾದ್ದು ಏನೂ ಇರಲಿಲ್ಲ, ಅದು ಇಬ್ಬರಿಗೂ ಗೊತ್ತು. ಆದರೂ ಅವರು ಸೀಲು ಒತ್ತಿದರು, ಮೊದಲ ಪತ್ರವನ್ನು ಹುಡುಕಿ ತೆಗೆದು ಎರಡನ್ನೂ ಸೇರಿಸಿ ಪಿನ್ನು ಹೊಡೆದರು. ಹೊಸ ಫೋನ್ ನಂಬರಿಗೆ ಫಾರಂ ಕೊಟ್ಟು, 'ಇದನ್ನೂ ತುಂಬ್ಕೊಡಿ ಸಾರ್' ಎಂದರು. ಎರಡನೇ ಪತ್ರದ ಸೀಲು ಒತ್ತಿದ ಜೆರಾಕ್ಸು, ಸ್ಪಷ್ಟ ಹಾಳೆ, ಒಂದು ಚೆಕ್ಕು ಈ ಮೂರನ್ನೂ ಅಂಗಿಯ ಜೇಬಿಗಿಟ್ಟುಕೊಂಡು ಮುದಕಪ್ಪ ಸಂಜೆ ಮುತ್ತಣ್ಣನ ರೂಮಿಗೆ ಹೋದ. ಅವನ ಮನೆಗಿಂತ ಮೂರೇ ಬೀದಿ ಆಚೆ. ಆ ಮೂರು ಬೀದಿ ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು.

ನೀಲಾಂಬಿಕಾ ಬಾಗಿಲು ತೆಗೆದಳು. ಒಳಗೆ ಬರ್ರಿ ಅನ್ನಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಮುತ್ತಣ್ಣ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಯಾವ ಶೆಡ್ಡಿನಲ್ಲೂ ಕೆಲಸ ಸಿಗದೆ, ಹೆಸರಘಟ್ಟ ರಸ್ತೆಯ ಒಂದು ಗೋಡೌನಿನಲ್ಲಿ ಸಿಮೆಂಟ್ ಮೂಟೆ ಹೊರುತ್ತಿದ್ದಾನೆಂದು ಮುದಕಪ್ಪನಿಗೆ ಆಗ ತಿಳಿದದ್ದು. ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತಿದ್ದ ಬೆರಳುಗಳ ತುದಿ ಸಿಮೆಂಟಿಗೆ ಬಿರಿದು ಬೆಳ್ಳಗಾಗಿತ್ತು.

ಮುದಕಪ್ಪ ಜೇಬಿಗೆ ಕೈ ಹಾಕಿದ. ಮೂರೂ ಕಾಗದವನ್ನು ಚಾಚಿದ. ಮುತ್ತಣ್ಣ ಕೈ ಒರೆಸಿಕೊಂಡು, ಮೊದಲು ಸ್ಟೇಟ್‌ಮೆಂಟ್ ನೋಡಿದ, ಆಮೇಲೆ ಪತ್ರವನ್ನು ನಿಧಾನವಾಗಿ ಓದಿದ. ಚೆಕ್ಕನ್ನು ಹೆಂಡತಿಯ ಕೈಗೆ ಕೊಟ್ಟ. ಪತ್ರವನ್ನು ಮಡಚಿದ.

'ನನ್ನ ತಪ್ಪು ಆತಪಾ ಮುತ್ತಣ್ಣ. ದೊಡ್ಡ ತಪ್ಪು ಆತು. ಗುರುವಾರ ಆಫೀಸಿನ್ಯಾಗೂ ಹಿಂಗ ಹೇಳ್ತೀನಿ.'

'ಆಫೀಸಿಂದು ಮುಗೀತು ಬಿಡ್ರಿ. ರೊಕ್ಕ ಬಂತಲ್ಲ, ಬರದು ಕೊಡ್ತೀನಿ' ಎಂದ ಮುತ್ತಣ್ಣ. ಸಿಟ್ಟಿರಲಿಲ್ಲ, ಅದೇ ಹಳೆಯ ತಗ್ಗಿದ ಧ್ವನಿ. ಪತ್ರವನ್ನು ವಾಪಸ್ ಮುದಕಪ್ಪನ ಕೈಗೇ ಕೊಟ್ಟ. 'ಆದ್ರ ಅಣ್ಣಾರ, ಇದನ್ನ ಬ್ಯಾಂಕಿನ್ಯಾಗ ಇಟ್ರ ಯಾರ ಓದ್ತಾರ್ರಿ? ನೀವು ನನ್ನ ಬೈದಿದ್ದು ಬ್ಯಾಂಕಿನ್ಯಾಗ ಅಲ್ಲಲ್ರಿ.'

ಮುದಕಪ್ಪ ತಲೆ ಎತ್ತಲಿಲ್ಲ. 'ನಾಳೆ ಹತ್ತಕ್ಕ ಛಾದ ಅಂಗಡಿಗಿ ಬಾ. ನಿನ್ನ ಮುಂದ ಹೇಳ್ತೀನಿ.'

'ನಾ ಯಾಕ ಬರ್ಲಿ? ನೀವು ಬೈಯುವಾಗ ನಾ ಅಲ್ಲಿ ಇರ್ಲಿಲ್ಲ. ಮಂದಿ ಬಂದು ಹೇಳಿದ್ರು, ಕೇಳಿದೆ. ಇದನ್ನೂ ಮಂದೀನ ಬಂದು ಹೇಳ್ಲಿ.'

ರಾತ್ರಿ ಮುದಕಪ್ಪ ಆ ಕಡೆ ಈ ಕಡೆ ಹೊರಳಿದ. ಬೆಳಿಗ್ಗೆ ಮಹಾನಂದಾ ಇಸ್ತ್ರಿ ಅಂಗಿ ತೆಗೆದುಕೊಟ್ಟರೆ ಬೇಡವೆಂದು, ಎಣ್ಣೆ ಕಲೆಯ ಕೆಲಸದ ಅಂಗಿಯನ್ನೇ ಹಾಕಿಕೊಂಡು ಹೋದ.

ಹತ್ತು ಗಂಟೆ. ದೇವರಾಜನ ಅಂಗಡಿಯ ಮುಂದೆ ಎಂದಿನ ಜನ. ಹದಿನೈದು, ಇಪ್ಪತ್ತು ಮಂದಿ. ಕೈಯಲ್ಲಿ ಗ್ಲಾಸು, ಬಾಯಲ್ಲಿ ಬನ್ನು. ಪರಮಾನಂದ ತನ್ನ ಸ್ಕೂಟರಿನ ಮೇಲೆ ಕೂತೇ ಕುಡಿಯುತ್ತಿದ್ದ. 'ಏನ್ ಮುದಕಪ್ಪೋರೇ, ಎರಡ್ ದಿನದಿಂದ ಮುಖಾನೇ ತೋರಿಸ್ತಿಲ್ಲ? ಸಿಕ್ಕಿಬಿದ್ನಾ ನಿಮ್ಮ ಮುತ್ತಣ್ಣ?' ಎಂದ.

'ಒಂದು ಮಾತು ಹೇಳೂದೈತ್ರಿ' ಎಂದ ಮುದಕಪ್ಪ.

ಜೇಬಿನಿಂದ ಪತ್ರ ತೆಗೆದ. ಅಂಗಡಿಯ ಸ್ಟೌವು ಭುಸ್ ಎನ್ನುತ್ತಿತ್ತು, ರಸ್ತೆಯಲ್ಲಿ ಕಬ್ಬಿಣದ ಸರಳು ಹೊತ್ತ ಟ್ರಕ್ಕೊಂದು ಹಿಂದಕ್ಕೆ ಬರುತ್ತ ಪೀ ಪೀ ಅನ್ನುತ್ತಿತ್ತು. ಮೂವತ್ತು ವರ್ಷದ ಜೋರು ಬಾಯಿ ಅವತ್ತು ಏಳಲಿಲ್ಲ. ಮಾನ್ಯ ವ್ಯವಸ್ಥಾಪಕರಿಗೆ ಎಂದು ಶುರುಮಾಡಿ ಗುಣುಗುಣು ಓದಿದ, ಸುಳ್ಳು, ಮೋಸಗಾರ ಎಂಬಲ್ಲಿ ತೊದಲಿದ, ತಪ್ಪು ನನ್ನದು ಎಂಬಲ್ಲಿ ಧ್ವನಿ ಒಳಗೇ ಹೋಯಿತು. ಮಡಚಿ ಜೇಬಿಗೆ ಇಡಲು ಹೋದ.

ಕೆಲವರು ಗ್ಲಾಸಿನೊಳಗೆ ನೋಡಿದರು. ಹಿಂದೆ ನಿಂತಿದ್ದವರು ಏನಂತೆ ಏನಂತೆ ಎಂದು ಪಕ್ಕದವರನ್ನು ಕೇಳಿದರು. ಪರಮಾನಂದ ಸ್ಕೂಟರಿನಿಂದ ಇಳಿದ. ಮುತ್ತಣ್ಣನನ್ನು ಬಾಗಿಲಿಂದ ವಾಪಸ್ ಕಳಿಸಿದವನು ಅವನು, ಅವನ ಮುಖವೂ ಕೆಂಪಾಗಿತ್ತು.

'ಮುದಕಪ್ಪೋರೇ' ಎಂದ. 'ಅವತ್ತು ನೀವು ಬೈದಿದ್ದು ಆ ಮೂಲೆ ಶೆಡ್‌ವರ್ಗೂ ಕೇಳಿಸ್ತು. ಇದು ನನಗೇ ಸರಿಯಾಗಿ ಕೇಳಿಸ್ಲಿಲ್ಲ.'

ದೇವರಾಜ ಕೈ ಚಾಚಿ ಸ್ಟೌವು ಆರಿಸಿದ. ಭುಸ್ ಎನ್ನುವುದು ನಿಂತಿತು. ಟ್ರಕ್ಕಿನವನೂ ಅಷ್ಟರಲ್ಲಿ ಗಾಡಿ ನಿಲ್ಲಿಸಿದ್ದ.

ಮುದಕಪ್ಪ ಎಲ್ಲರ ಮುಖ ನೋಡಿದ. ಪತ್ರವನ್ನು ಜೇಬಿನಿಂದ ಮತ್ತೆ ತೆಗೆದು, ಮಡಿಕೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡ. ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಓದಿದ, ಮೂಲೆಯ ಶೆಡ್ಡಿನವರಿಗೂ ಕೇಳುವಂತೆ.